ಸೊನ್ನೆ ನುಂಗಿದ ಗೌಡರು

ಮಕ್ಕಳ ಹೋಂವರ್ಕ್ ತಿದ್ದುವ ಅಧಿಕಾರ ಮನೆಯಲ್ಲಿ ಯಾರಿಗೆ ಸೇರಬೇಕು ಎನ್ನುವುದು ನಮ್ಮ ಬೈರಮಂಗಲದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅಪ್ಪಂದಿರು ಬೆಳಗ್ಗೆ ಬಿಡದಿ ಕಡೆಯ ಫ್ಯಾಕ್ಟರಿ ಬಸ್ಸು ಹತ್ತಿದರೆ, ಶಿಫ್ಟು ಮುಗಿಸಿ ಬರುವ ಹೊತ್ತಿಗೆ ಮಕ್ಕಳ ಕಣ್ಣು ಮುಚ್ಚಿರುತ್ತದೆ. ಅಮ್ಮಂದಿರಿಗೆ ಹಸು, ರೇಷ್ಮೆ ಹುಳು, ಒಲೆ. ಹೀಗಾಗಿ ಯಾರೂ ಕೊಡದಿದ್ದರೂ ಆ ಅಧಿಕಾರ ತಾತಂದಿರ ಕೈಗೆ ಬಂದುಬಿಟ್ಟಿದೆ. ನಮ್ಮ ಪಕ್ಕದ ಮನೆ ಗೌಡರಂತೂ ಅದಕ್ಕೆಂದೇ ಒಂದು ಕೆಂಪು ಪೆನ್ನು ತರಿಸಿಟ್ಟುಕೊಂಡಿದ್ದಾರೆ. ಬಾಡಿಗೆ ಚಂದ್ರಿಕೆಗಳ ಲೆಕ್ಕ ಬರೆಯುವ ನೀಲಿ ಪೆನ್ನು ಬೇರೆ, ಮೊಮ್ಮಗಳ ಪುಸ್ತಕಕ್ಕೆ ಇದು ಬೇರೆ.

ಗೌಡರ ಲೆಕ್ಕದ ಬಗ್ಗೆ ಊರಲ್ಲಿ ಯಾರಿಗೂ ಅನುಮಾನವಿಲ್ಲ. ಇಪ್ಪತ್ತರ ಮಗ್ಗಿ ಸರಿ, ಅದರ ಮೇಲೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಯೂ ಬಾಯಲ್ಲಿ ಕೂತಿದೆ. ಎಕರೆಗೆ ನಲವತ್ತು ಗುಂಟೆ ಎಂದು ಹೇಳಿದರೆ ಸಾಕು, ಮೂರು ಜನ ಅಣ್ಣತಮ್ಮಂದಿರ ಭಾಗವನ್ನು ನಿಂತ ನಿಲುವಿನಲ್ಲೇ ಒಪ್ಪಿಸುತ್ತಾರೆ. ನಾನು ಮೇಷ್ಟ್ರಾಗಿ ಕೆಲಸ ಮಾಡಿ ನಿವೃತ್ತನಾದವನು, ಗಣಿತವನ್ನೇ ಕಲಿಸಿದವನು. ಆದರೂ ಬೇಲಿಯಾಚೆ ಗೌಡರು ಲೆಕ್ಕ ತಿದ್ದುವಾಗ ನಾನು ಬಾಯಿ ಹಾಕುವುದಿಲ್ಲ. ನಮ್ಮಿಬ್ಬರ ನಡುವೆ ಇರುವುದು ಕಲ್ಲುಕಂಬಕ್ಕೆ ಎಳೆದ ಮೂರು ಸಾಲು ತಂತಿ; ಅಷ್ಟಾದರೂ ಮರ್ಯಾದೆ ಉಳಿಯಲಿ ಎಂದು.

ಮೊನ್ನೆ ಸಂಜೆ ಮಾತ್ರ ಬಾಯಿ ಹಾಕಬೇಕಾಯಿತು. ಕೆರೆ ಕಡೆಯಿಂದ ಗಾಳಿ ತಿರುಗಿತ್ತು. ವೃಷಭಾವತಿ ಬೆಂಗಳೂರಿನವರು ಬಳಸಿ ಉಳಿಸಿದ ಶೇಷವನ್ನೆಲ್ಲ ಹೊತ್ತು ತಂದು ನಮ್ಮ ಬೈರಮಂಗಲ ಕೆರೆಗೆ ಸುರಿಯುತ್ತದೆ. ಆ ನೊರೆಯ ವಾಸನೆ ಬಂದಾಗ ಒಳಗೆ ಹೋಗಿ ಕಿಟಕಿ ಹಾಕಿಕೊಳ್ಳುವುದು ನಮ್ಮ ವಾಡಿಕೆ. ನಾನು ಏಳುವಷ್ಟರಲ್ಲಿ ಆಚೆಯಿಂದ ಗೌಡರ ದನಿ.

"ಏನ್ ಮಗಾ ಇದು? ಭಾಗಾಕಾರ ಮಾಡು ಅಂದ್ರೆ ಕಳೆಯೋ ಲೆಕ್ಕ ಮಾಡಿಟ್ಟಿದ್ದೀಯಲ್ಲ!"

"ಭಾಗಾಕಾರಾನೇ ಕಣ್ ತಾತ."

"ಎಲ್ಲೈತೆ ಭಾಗಾಕಾರ? ಕಳೆ, ಕಳೆ, ಕಳೆ. ಅಂಗಡಿ ಸಾಲ ತೀರಿಸ್ದಂಗೆ."

ಲೆಕ್ಕ ಇಷ್ಟೇ. ಚನ್ನಪಟ್ಟಣದಲ್ಲಿ 3,672 ಗೊಂಬೆಗಳಿವೆ. ಒಂದು ಪೆಟ್ಟಿಗೆಗೆ 18 ಗೊಂಬೆ ಹಿಡಿಸುತ್ತವೆ. ಎಷ್ಟು ಪೆಟ್ಟಿಗೆ ಬೇಕು? ಮೊಮ್ಮಗಳು ಪುಟದ ಎಡಗಡೆ 3,672 ಎಂದು ಬರೆದು, ಬಲಗಡೆ ಪೆಟ್ಟಿಗೆಗಳ ಲೆಕ್ಕ ಇಡುತ್ತ ಹೋಗಿದ್ದಳು. ಮೊದಲು 100 ಪೆಟ್ಟಿಗೆ ತುಂಬಿಸಿದಳು: 1,800 ಗೊಂಬೆ ಹೋದವು, 1,872 ಉಳಿದವು. ಆಮೇಲೆ 50 ಪೆಟ್ಟಿಗೆ: 900 ಹೋದವು, 972 ಉಳಿದವು. ಮತ್ತೆ 50 ಪೆಟ್ಟಿಗೆ: 72 ಉಳಿದವು. ಕೊನೆಗೆ 4 ಪೆಟ್ಟಿಗೆಗೆ ಆ 72 ಸರಿಹೋಯಿತು. ಬಲಗಡೆಯ 100, 50, 50, 4 ಕೂಡಿಸಿ 204 ಎಂದು ಅಡಿಗೆರೆ ಎಳೆದಿದ್ದಳು.

"1,872 ಇದ್ದಾಗ ಇನ್ನೊಂದು ನೂರು ಪೆಟ್ಟಿಗೆ ತುಂಬಬಹುದಿತ್ತಲ್ಲ, ಐವತ್ತು ಯಾಕೆ ತಗೊಂಡೆ?" ಎಂದು ನಾನು ಬೇಲಿಯಿಂದಲೇ ಕೇಳಿದೆ.

"ಹತ್ತಿರ ಹತ್ತಿರ ಇತ್ತು ಮೇಷ್ಟ್ರೇ, ಜಾಸ್ತಿ ಆಗಿಬಿಟ್ರೆ ಅಂತ ಭಯ ಆಯ್ತು."

ಈ ಭಯದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೌಡರಿಗೆ ಇದೆಲ್ಲ ರುಚಿಸಲಿಲ್ಲ. "ನೋಡು, ಹಿಂಗೆ ಮಾಡ್ಬೇಕು" ಎಂದು ಅದೇ ಪುಟದ ಕೆಳಗೆ ಕೆಂಪು ಪೆನ್ನಿನಲ್ಲಿ ಭಾಗಾಕಾರದ ಗೆರೆ ಎಳೆದರು. ಹೊರಗೆ 18, ಒಳಗೆ 3672. ಬಾಯಿಯಲ್ಲಿ ಹೇಳಿಕೊಳ್ಳುತ್ತ ಬರೆದದ್ದರಿಂದ ನನಗೆ ಅಕ್ಷರಕ್ಷರ ಕೇಳಿಸಿತು. "ಮೂವತ್ತಾರರಲ್ಲಿ ಹದಿನೆಂಟು ಎಷ್ಟು ಸಲ? ಎರಡು ಸಲ. ಹದಿನೆಂಟೆರಡ್ಲಿ ಮೂವತ್ತಾರು, ಕಳೆದರೆ ಏನೂ ಇಲ್ಲ. ಏಳು ಇಳಿಸ್ಕೊ. ಏಳರಲ್ಲಿ ಹದಿನೆಂಟು ಹೋಗಲ್ಲ. ಎರಡನ್ನೂ ಇಳಿಸ್ಕೊ, ಎಪ್ಪತ್ತೆರಡಾಯ್ತು. ಹದಿನೆಂಟ್ನಾಕ್ಲಿ ಎಪ್ಪತ್ತೆರಡು. ಮುಗೀತು. ಇಪ್ಪತ್ನಾಕು."

ಮೊಮ್ಮಗಳ 204ರ ಮೇಲೆ ಅಡ್ಡಗೆರೆ ಬಿತ್ತು. ಪಕ್ಕದಲ್ಲಿ ಕೆಂಪಗೆ 24.

ಹುಡುಗಿ ಅಳಲಿಲ್ಲ, ರೇಗಲಿಲ್ಲ. ಸ್ವಲ್ಪ ಹೊತ್ತು ಬೆರಳು ಮಡಚಿ ಬಿಚ್ಚಿ ಕೇಳಿದಳು: "ತಾತ, ಇಪ್ಪತ್ನಾಕು ಪೆಟ್ಟಿಗೇಲಿ ನಾನೂರ ಮೂವತ್ತೆರಡು ಗೊಂಬೆ ಹಿಡಿಸ್ತವೆ. ಮಿಕ್ಕಿದ್ದೆಲ್ಲ ಎಲ್ಲೋದ್ವು?"

ಗೌಡರು ಪೆನ್ನಿನ ಮುಚ್ಚಳ ಹಾಕಿದರು. ಮತ್ತೆ ತೆಗೆದರು. ಭಾಗಾಕಾರವನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. ಎಲ್ಲೂ ಮಗ್ಗಿ ತಪ್ಪಿಲ್ಲ, ಕಳೆದದ್ದು ತಪ್ಪಿಲ್ಲ. ಆಮೇಲೆ ನನ್ನ ಕಡೆ ನೋಡಿದರು. ಗೌಡರು ಹಾಗೆ ನೋಡುವುದು ಅಪರೂಪ. ಒಮ್ಮೆ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಅವರ ಲಾಟಿಗೆ ಯಾರೂ ಬಾಯಿಬಿಚ್ಚದೆ ಇದ್ದ ದಿನ ಹಾಗೆ ನೋಡಿದ್ದರು.

ಪೇಪರು ತಿದ್ದಿ ತಿದ್ದಿ ಕಣ್ಣು ಹೋದ ನನಗೆ ಈ ಗುಂಡಿ ಚೆನ್ನಾಗಿ ಗೊತ್ತು. ಭಾಗಾಕಾರದಲ್ಲಿ ಮಕ್ಕಳು ಮಗ್ಗಿ ತಪ್ಪಿ ಬೀಳುವುದಕ್ಕಿಂತ ಹೆಚ್ಚಾಗಿ ನಡುವಿನ ಸೊನ್ನೆ ನುಂಗಿ ಬೀಳುತ್ತಾರೆ. 204 ಎಂದಿರಬೇಕಾದದ್ದು 24 ಆಗುತ್ತದೆ, 501 ಎಂದಿರಬೇಕಾದದ್ದು 51 ಆಗುತ್ತದೆ. ಏಳನ್ನು ಇಳಿಸಿಕೊಂಡಾಗ ಹದಿನೆಂಟು ಹೋಗದಿದ್ದರೆ, ಹೋಗಲಿಲ್ಲ ಎನ್ನುವುದನ್ನೂ ಮೇಲೆ ಬರೆಯಬೇಕು. ಸೊನ್ನೆ ಅಂದರೆ ಆ ಬರಹ. ಗೌಡರು ಬಾಯಲ್ಲಿ 'ಹೋಗಲ್ಲ' ಎಂದರು, ಕೈಯಲ್ಲಿ ಬರೆಯಲಿಲ್ಲ. ಎರಡು ಅಂಕೆಯನ್ನು ಒಟ್ಟಿಗೆ ಇಳಿಸಿಕೊಂಡಾಗ ಹೀಗೆ ಆಗುವುದು ಜಾಸ್ತಿ.

ಆದರೆ ಮಗ್ಗಿಯ ಗೌಡರೇ ಯಾಕೆ ಬಿದ್ದರು? ನಾವು ಕಲಿತ ಆ ವಿಧಾನದಲ್ಲಿ ನಾವು ಹೇಳುವ ಮಾತೇ ಸುಳ್ಳು. 'ಮೂವತ್ತಾರರಲ್ಲಿ ಹದಿನೆಂಟು ಎರಡು ಸಲ' ಎನ್ನುತ್ತೇವೆ. ಅಲ್ಲಿರುವುದು ಮೂವತ್ತಾರಲ್ಲ, ಮೂವತ್ತಾರು ನೂರು. ಮೇಲೆ ಬರೆದ ಎರಡು ಎರಡಲ್ಲ, ಇನ್ನೂರು ಪೆಟ್ಟಿಗೆ. 'ಏಳು ಇಳಿಸ್ಕೊ' ಎನ್ನುತ್ತೇವೆ. ಇಳಿದದ್ದು ಏಳು ಹತ್ತು, ಅಂದರೆ ಎಪ್ಪತ್ತು ಗೊಂಬೆ. ಹತ್ತು ಪೆಟ್ಟಿಗೆ ತುಂಬಿಸಬೇಕಾದರೆ 180 ಗೊಂಬೆ ಬೇಕು, ಇರುವುದು ಎಪ್ಪತ್ತು ಚಿಲ್ಲರೆ. ಆದ್ದರಿಂದ ಹತ್ತರ ಮನೆಯಲ್ಲಿ ಒಂದೂ ಇಲ್ಲ, ಸೊನ್ನೆ. ಈ ಅರ್ಥವನ್ನೆಲ್ಲ ಬದಿಗಿಟ್ಟು ಬರೀ ಅಂಕೆಗಳನ್ನು ಓಡಿಸುವುದರಿಂದಲೇ ಹಳೆಯ ವಿಧಾನ ಅಷ್ಟು ಬೇಗ ಮುಗಿಯುತ್ತದೆ. ಬೇಗ ಮುಗಿಯುವುದಕ್ಕೆ ತೆರುವ ಬೆಲೆಯೂ ಅದೇ: ದಾರಿಯಲ್ಲಿ ಒಂದು ಸ್ಥಾನ ಬಿದ್ದುಹೋದರೆ ಬಿದ್ದ ಸದ್ದು ಕೇಳಿಸುವುದಿಲ್ಲ.

ಮೊಮ್ಮಗಳ ಪುಟದಲ್ಲಿ ಆ ಸೊನ್ನೆ ಬೀಳಲು ಜಾಗವೇ ಇಲ್ಲ. ಅವಳು ಸಂಖ್ಯೆಯನ್ನು ಒಡೆಯಲಿಲ್ಲ. ಪ್ರತಿ ಸಾಲಿನಲ್ಲೂ ಎಷ್ಟು ಪೆಟ್ಟಿಗೆ ತುಂಬಿತು, ಎಷ್ಟು ಗೊಂಬೆ ಇನ್ನೂ ನೆಲದ ಮೇಲಿವೆ ಎಂದು ಪೂರ್ತಿ ಸಂಖ್ಯೆಯಲ್ಲೇ ಬರೆದಿದ್ದಾಳೆ. ನೂರು, ಐವತ್ತು, ಐವತ್ತು, ನಾಲ್ಕು ಕೂಡಿದರೆ ಸೊನ್ನೆ ತಾನಾಗಿ ನಡುವೆ ಬಂದು ಕೂರುತ್ತದೆ. ಇನ್ನು ಅವಳ ಭಯದ ಮಾತು. ಹಳೆಯ ವಿಧಾನದಲ್ಲಿ ಅಂದಾಜು ಒಂದು ಕಡಿಮೆಯಾದರೂ ಶೇಷ ಭಾಜಕಕ್ಕಿಂತ ದೊಡ್ಡದಾಗಿ ಕೂತು, ಬರೆದದ್ದನ್ನು ಅಳಿಸಬೇಕಾಗುತ್ತದೆ. ಇಲ್ಲಿ ಕಡಿಮೆ ತೆಗೆದುಕೊಂಡರೆ ತಪ್ಪೇ ಅಲ್ಲ, ಮತ್ತೊಂದು ಸಲ ತೆಗೆದುಕೊಂಡರಾಯಿತು. ಹೆದರಿದ ಮಗುವಿಗೂ ಉತ್ತರ ಸಿಗುತ್ತದೆ, ಒಂದು ಸಾಲು ಹೆಚ್ಚು ಬರೆಯಬೇಕು ಅಷ್ಟೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದ ಮೇಲೆ ಎನ್‌ಸಿಇಆರ್‌ಟಿ ತಂದ 5ನೇ ತರಗತಿಯ ಗಣಿತ ಪುಸ್ತಕದಲ್ಲಿ ಗುಣಿಸುವ, ಭಾಗಿಸುವ ಬೇರೆ ಬೇರೆ ದಾರಿಗಳಿಗೆಂದೇ ಒಂದು ಪಾಠವಿತ್ತು. ನಮ್ಮ ಸರ್ಕಾರಿ ಶಾಲೆಗಳಿಗೂ ಗಣಿತ ಕಲಿಕಾ ಆಂದೋಲನದ ಹೆಸರಿನಲ್ಲಿ ಅಕ್ಷರ ಫೌಂಡೇಶನ್ನಿನ ಪೆಟ್ಟಿಗೆಗಳು ಬಂದವು. ಅವುಗಳೊಳಗೆ ಬಿಡಿಯ ತುಂಡು, ಹತ್ತರ ಕಡ್ಡಿ, ನೂರರ ಹಲಗೆ. ಆ ಹಲಗೆ ಕಡ್ಡಿಗಳನ್ನು ಕೈಯಲ್ಲಿ ಹಿಡಿದು ಹಂಚಿದ ಮಕ್ಕಳಿಗೆ 3,672ರ 36 ಬರೀ ಮೂವತ್ತಾರು ಎಂದರೆ ನಗು ಬರುತ್ತದೆ.

ಇದನ್ನೆಲ್ಲ ನಾನು ಬೇಲಿಯ ಮೇಲೆ ಕೈಯಿಟ್ಟು ವಿವರಿಸುತ್ತಿದ್ದರೆ ಗೌಡರು ಇನ್ನೊಂದು ಪಟ್ಟು ಹಾಕಿದರು. "ಎರಡನ್ನೂ ಅರ್ಧ ಮಾಡಿಬಿಡ್ತೀನಿ ತಡೀರಿ ಮೇಷ್ಟ್ರೇ. 18ಕ್ಕೆ 9, 3,672ಕ್ಕೆ 1,836. ಒಂಬತ್ತರ ಮಗ್ಗಿ ಸುಲಭ." ಒಳ್ಳೆಯ ಪಟ್ಟು. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯನೂ ಭಾಗಿಸುವ ಮೊದಲು ಎರಡಕ್ಕೂ ಸಮಾನವಾದ ಅಪವರ್ತನ ಇದ್ದರೆ ಅದನ್ನು ತೆಗೆದುಬಿಡಿ ಎಂದೇ ಹೇಳಿದ್ದಾನೆ. ಆದರೆ ಗುಂಡಿ ಅಲ್ಲೇ ಇದೆ: 18ರಲ್ಲಿ 9 ಎರಡು ಸಲ, 3ರಲ್ಲಿ ಹೋಗಲ್ಲ, 36ರಲ್ಲಿ ನಾಲ್ಕು ಸಲ. ಗೌಡರು ಈ ಸಲ 'ಹೋಗಲ್ಲ' ಎಂದ ಜಾಗದಲ್ಲಿ ನಿಂತು, ಮೊಮ್ಮಗಳ ಮುಖ ನೋಡಿ, ಸೊನ್ನೆಯನ್ನು ಕುಂಬಳಕಾಯಿ ಗಾತ್ರದಲ್ಲಿ ಬರೆದರು.

"ಆದ್ರೂ ನಮ್ದೇ ಸರಿಯಾದ ಭಾಗಾಕಾರ. ಇವಳ್ದು ಮಕ್ಕಳಾಟ."

ನನಗೆ ಸುಮ್ಮನಿರಲಾಗಲಿಲ್ಲ. "ಗೌಡ್ರೇ, ಅದಿರಲಿ. ಗೂಡು ಕೆಜಿಗೆ 450 ರೂಪಾಯಿ ಅಂತಿಟ್ಕೊಳಿ. ನಿಮಗೆ ಐವತ್ತು ಸಾವಿರದ ಸಾಲ ತೀರಿಸ್ಬೇಕು. ಎಷ್ಟು ಕೆಜಿ ಗೂಡು ಬೇಕು?"

ಪೆನ್ನು ಮುಟ್ಟಲಿಲ್ಲ. ಆಕಾಶ ನೋಡಿ ಶುರು ಮಾಡಿದರು. "ನೂರು ಕೆಜಿಗೆ ನಲವತ್ತೈದು ಸಾವಿರ. ಇನ್ನೈದು ಸಾವಿರ ಉಳೀತು. ಹತ್ತು ಕೆಜಿಗೆ ನಾಕೂವರೆ ಸಾವಿರ. ಇನ್ನೈನೂರು. ಒಂದು ಕೆಜಿ ಹೋಯ್ತು, ಐವತ್ತು ರೂಪಾಯಿ ಮಿಕ್ತು. ನೂರಾ ಹನ್ನೊಂದು ಕೆಜಿ, ಮೇಲೊಂದು ಹಿಡಿ."

"ತಾತ!" ಎಂದಳು ಮೊಮ್ಮಗಳು. "ನೀನೂ ಕಳೆಯೋ ಲೆಕ್ಕಾನೇ ಮಾಡ್ದೆ."

ನಾನು ಹೇಳಬೇಕೆಂದಿದ್ದದ್ದು ಅದೇ. ನಲವತ್ತು ವರ್ಷ ಹುಳು ಸಾಕಿದ ಮನುಷ್ಯ ಮಾರುಕಟ್ಟೆಯಲ್ಲಿ ಒಂದು ದಿನವೂ 'ನಾನೂರೈವತ್ತು ಐನೂರರಲ್ಲಿ ಎಷ್ಟು ಸಲ, ಸೊನ್ನೆ ಇಳಿಸ್ಕೊ' ಎಂದು ಲೆಕ್ಕ ಹಾಕಿಲ್ಲ. ನೂರು ಮೊಟ್ಟೆ ಗೊಂಚಲಿನಿಂದ ಸುಮಾರು ನಲವತ್ತು ಸಾವಿರ ಹುಳು, ಒಂದು ಚಂದ್ರಿಕೆಗೆ ಸಾವಿರದಿಂದ ಸಾವಿರದ ಇನ್ನೂರು, ಹಾಗಾದರೆ ಮೂವತ್ತೈದರಿಂದ ನಲವತ್ತು ಚಂದ್ರಿಕೆ ಬಾಡಿಗೆಗೆ ತರಬೇಕು ಎಂದು ಹಣ್ಣಾದ ಹುಳುವಿನ ಮುಂದೆ ನಿಂತು ಹೇಳುವುದೂ ಹೀಗೇ, ದೊಡ್ಡ ದೊಡ್ಡ ತುತ್ತಾಗಿ ತೆಗೆದು. ಬಾಯಲ್ಲಿ ಒಂದು ಗಣಿತ, ಕಾಗದದ ಮೇಲೆ ಇನ್ನೊಂದು. ಕಾಗದದ್ದೇ ದೊಡ್ಡದು ಎಂದು ಅವರಿಗೆ ಚಿಕ್ಕಂದಿನಲ್ಲಿ ಬೆತ್ತ ಹಿಡಿದು ಹೇಳಿಕೊಟ್ಟಿದ್ದರು.

ಇದು ಬೈರಮಂಗಲದ ಗೌಡರೊಬ್ಬರ ಕಥೆಯಲ್ಲ. ಬ್ರೆಜಿಲ್ ದೇಶದ ರೆಸೀಫೆ ಪಟ್ಟಣದಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳ ಲೆಕ್ಕವನ್ನು ಮೂವರು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಒಬ್ಬ ಹುಡುಗನ ಹತ್ತಿರ ಗಿರಾಕಿಯಂತೆ ಹೋಗಿ ಕೇಳಿದರು: ತೆಂಗಿನಕಾಯಿ ಒಂದಕ್ಕೆ 35, ಹತ್ತು ಕಾಯಿಗೆ ಎಷ್ಟು? ಹತ್ತರಿಂದ ಗುಣಿಸಲು ಒಂದು ಸೊನ್ನೆ ಹಚ್ಚು ಎಂದು ಶಾಲೆ ಹೇಳುತ್ತದೆ. ಹುಡುಗ ಹಾಗೆ ಮಾಡಲಿಲ್ಲ. ಮೂರು ಕಾಯಿಗೆ 105, ಇನ್ನು ಮೂರಕ್ಕೆ 210, ಮತ್ತೆ ಮೂರು, 315, ಇನ್ನೊಂದು ಬೇಕು, 350 ಎಂದ. ಬೀದಿಯಲ್ಲಿ ಆ ಮಕ್ಕಳ ಲೆಕ್ಕ ನೂರಕ್ಕೆ 98 ಪಾಲು ಸರಿಯಿತ್ತು. ಅದೇ ಮಕ್ಕಳಿಗೆ ಅಂಥದೇ ಲೆಕ್ಕವನ್ನು ಬರೀ ಅಂಕೆಗಳಾಗಿ ಕಾಗದದಲ್ಲಿ ಕೊಟ್ಟಾಗ ಸರಿಬಂದದ್ದು 37 ಪಾಲು. ಗೌಡರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: "ಅಲ್ಲಿ ಕಾಯಿ ಲೆಕ್ಕದಲ್ಲಿ ಕೊಡ್ತಾರಾ, ತೂಕಕ್ಕಾ?"

ಈಗ ಮೊಮ್ಮಗಳ ವಿಧಾನವನ್ನು ತಲೆಮೇಲೆ ಹೊತ್ತು ಮೆರೆಸುವುದೂ ಬೇಡ. ಅದೇ ಪುಸ್ತಕದ ಹಿಂದಿನ ಹಾಳೆ ತಿರುವಿ ನೋಡಿದೆ. ಅಲ್ಲಿ ಒಂದು ಲೆಕ್ಕಕ್ಕೆ ಹತ್ತು ಹತ್ತಾಗಿಯೇ ತೆಗೆದು ಪುಟ ತುಂಬಿಸಿದ್ದಳು. ಹೀಗೆ ಮಾಡಿದರೆ ನಮ್ಮ ಗೊಂಬೆ ಲೆಕ್ಕದಲ್ಲಿ 180ನ್ನು ಇಪ್ಪತ್ತು ಸಲ ಕಳೆಯಬೇಕು, ಇಪ್ಪತ್ತರಲ್ಲಿ ಒಂದು ಸಲ ಕೈ ತಪ್ಪಿದರೂ ಕೆಳಗಿನದೆಲ್ಲ ಹಾಳು. ಆ ಪುಟದಲ್ಲಿ ಆಗಿದ್ದೂ ಅದೇ: ಭಾಗಾಕಾರದ ತಿಳಿವಳಿಕೆ ಸರಿ, ಒಂದು ಕಡೆ ಹತ್ತು ಎರವಲು ತಂದದ್ದನ್ನು ಮರೆತಿದ್ದಳು. ಇದಕ್ಕೆ ಮದ್ದು ಸುಲಭ. ಶುರು ಮಾಡುವ ಮೊದಲು ಪುಟದ ಮೂಲೆಯಲ್ಲಿ ಭಾಜಕದ ಒಂದು, ಎರಡು, ಐದು, ಹತ್ತರಷ್ಟನ್ನು ಬರೆದಿಟ್ಟುಕೊಳ್ಳುವುದು: 18, 36, 90, 180. ಇವಕ್ಕೇ ಸೊನ್ನೆ ಸೇರಿಸಿದರೆ ಇಪ್ಪತ್ತರದ್ದು 360, ಐವತ್ತರದ್ದು 900, ನೂರರದ್ದು 1,800, ಇನ್ನೂರರದ್ದು 3,600. ಇಷ್ಟು ಕಣ್ಣೆದುರು ಇದ್ದರೆ ಭಯ ಕಡಿಮೆಯಾಗಿ ತುತ್ತು ದೊಡ್ಡದಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತುತ್ತು ತೆಗೆದರೆ ಒಂದೇ ಸಲಕ್ಕೆ 200 ಪೆಟ್ಟಿಗೆ, ಆಮೇಲೆ 4. ಎರಡೇ ಸಾಲು. ಅದನ್ನು ಗೌಡರ ಕೆಂಪು ಭಾಗಾಕಾರದ ಪಕ್ಕದಲ್ಲಿಟ್ಟು ನೋಡಿದರೆ ಅದೇ 2, ಅದೇ 4, ನಡುವೆ ಸೊನ್ನೆ ಬಿಟ್ಟರೆ ಬೇರೇನೂ ವ್ಯತ್ಯಾಸವಿಲ್ಲ. ಹೊಸದು ಬೆಳೆದು ದೊಡ್ಡದಾದರೆ ಹಳೆಯದೇ ಆಗುತ್ತದೆ. ಹೈಸ್ಕೂಲಿನಲ್ಲಿ ಬಹುಪದೋಕ್ತಿ ಭಾಗಿಸುವಾಗ ಅವಳಿಗೆ ಆ ಹಳೆಯ ಮೆಟ್ಟಿಲು ಬೇಕೇ ಬೇಕು.

ಹಳೆಯದನ್ನೇ ಹಿಡಿದವರಿಗೂ ಒಂದು ಕಾವಲು ಹೇಳಿಕೊಟ್ಟೆ. ಭಾಗಿಸುವ ಮೊದಲೇ ಉತ್ತರಕ್ಕೆ ಎಷ್ಟು ಮನೆ ಎಂದು ನೋಡಿಕೊಳ್ಳಿ. 3,672ರಲ್ಲಿ 18 ಮೊದಲು ಹೋಗುವುದು 36ರಲ್ಲಿ, ಅದು ನೂರರ ಸ್ಥಾನ. ಹಾಗಾದರೆ ಉತ್ತರಕ್ಕೆ ನೂರು, ಹತ್ತು, ಬಿಡಿ, ಮೂರು ಮನೆ. ಮೇಲೆ ಮೂರು ಚುಕ್ಕೆ ಇಟ್ಟುಬಿಡಿ. ಒಂದು ಚುಕ್ಕೆ ಖಾಲಿ ಉಳಿದರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಗೌಡರು ಒಪ್ಪಿಕೊಂಡರೋ ಇಲ್ಲವೋ ಬಾಯಿಬಿಟ್ಟು ಹೇಳಲಿಲ್ಲ. 24ನ್ನು ಹೊಡೆದುಹಾಕಿ, ಮೊಮ್ಮಗಳ 204ರ ಪಕ್ಕ ಕೆಂಪು ಪೆನ್ನಿನಲ್ಲೇ ಸರಿ ಗುರುತು ಹಾಕಿದರು. ಆಮೇಲೆ, ಸೋತವರು ಹೊಸ ಆಟ ಶುರು ಮಾಡುವ ಹಾಗೆ, ತಾವೇ ಒಂದು ಲೆಕ್ಕ ಕೊಟ್ಟರು. ಸಾವಿರ ತೆಂಗಿನಕಾಯಿ, ಮೂಟೆಗೆ ಅರವತ್ತು ಹಿಡಿಸುತ್ತೆ, ಎಷ್ಟು ಮೂಟೆ?

ಹುಡುಗಿ ಹತ್ತು ಮೂಟೆಗೆ 600 ತೆಗೆದಳು, ಐದಕ್ಕೆ 300, ಒಂದಕ್ಕೆ 60. "ಹದಿನಾರು. ಶೇಷ ನಲವತ್ತು."

"ಹದಿನೇಳು" ಎಂದರು ಗೌಡರು.

"ಇಲ್ಲ ತಾತ, ಹದಿನಾರೇ. ಹದಿನೇಳಕ್ಕೆ ಸಾವಿರದ ಇಪ್ಪತ್ತು ಬೇಕು."

"ನಲವತ್ತು ಕಾಯಿನ ಏನ್ ಮಡಿಲಲ್ಲಿ ಕಟ್ಕೊಂಡೋಗ್ಲಾ? ಅದಕ್ಕೂ ಒಂದು ಚೀಲ ಬೇಕಲ್ವ?"

"ಉತ್ತರ ಬರೆಯೋ ಜಾಗದಲ್ಲಿ ಭಾಗಲಬ್ಧ ಅಂತ ಐತೆ, ಚೀಲ ಅಂತ ಇಲ್ಲ."

ಇಬ್ಬರೂ ನನ್ನ ಕಡೆ ತಿರುಗಿದರು. ಗೊಂಬೆ ಲೆಕ್ಕ ಸರಿಯಾಗಿ ಮುಗಿಯುವಂತೆ ಮಾಡಿಟ್ಟಿದ್ದ ಪುಸ್ತಕದವರು ಈ ನ್ಯಾಯಕ್ಕೆ ಸಿಕ್ಕಿಹಾಕಿಕೊಳ್ಳದೆ ಪಾರಾಗಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಗೌಡರ ಹೆಂಡತಿ ಕೂಗಿದರು.

"ಆ ನಲವತ್ತು ಕಾಯಿ ಅಡುಗೆ ಮನೆಗೆ ಹಾಕಿ. ಮನೇಲಿ ಕಾಯಿ ಮುಗ್ದು ಮೂರು ದಿನ ಆಯ್ತು, ಊರ ಕಾಯಿ ಎಲ್ಲ ಎಣಿಸ್ಕೊಂಡು ಕೂತವ್ರೆ!"